‘ಎಷ್ಟು ಬಂದಿದೆ?’: ಆಯಿಯ ಕ್ರಿಯಾಟಿನಿನ್ ವರದಿಯನ್ನು ಓದಿದ ಹತ್ತು ತಿಂಗಳು

ಕಳೆದ ಫೆಬ್ರವರಿಯ ಒಂದು ರಾತ್ರಿ ಮಸ್ಕತ್‌ನಿಂದ ಅಣ್ಣ ಫೋನ್ ಮಾಡಿದ. ಆಯಿಯ ರಕ್ತಪರೀಕ್ಷೆಯ ವರದಿ ಬಂದಿದೆ, ಉಳಿದದ್ದೆಲ್ಲ ಸರಿಯಿದೆ, ಕಿಡ್ನಿಗೆ ಸಂಬಂಧಿಸಿದ ಒಂದು ಸಾಲಿನ ಎದುರಿಗೆ ಮಾತ್ರ ಕೆಂಪು ಅಕ್ಷರದಲ್ಲಿ ‘ಎಚ್’ ಎಂದಿದೆ ಎಂದು ಹೇಳಿದ. ಆಯಿ ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಅವನ ಮನೆಗೆ ಹೋಗಿದ್ದರು. ಮೊಣಕಾಲು ನೋವು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ವಯಸ್ಸು 66 ಆಗಿದೆ, ಒಮ್ಮೆ ಎಲ್ಲವನ್ನೂ ನೋಡಿಸಿಬಿಡೋಣ ಎಂದು ಅತ್ತಿಗೆಯೇ ಪರೀಕ್ಷೆ ಮಾಡಿಸಿದ್ದರು. ಯಾವ ಸಾಲು ಎಂದು ಕೇಳಿದಾಗ ಅಣ್ಣ ‘ಕ್ರಿಯಾಟಿನಿನ್’ ಎಂದು ಓದಿದ. ಎಷ್ಟು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ‘ಎಚ್’ ಎಂದರೆ ಜಾಸ್ತಿ ಎಂದು ಇಬ್ಬರಿಗೂ ಗೊತ್ತಿತ್ತು, ಅದಕ್ಕಿಂತ ಹೆಚ್ಚಿನದು ಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಆ ರಾತ್ರಿಯೇ ನಾನು ನಾಲ್ಕು ಮಂದಿಗೆ ಒಂದೇ ಸಂದೇಶವನ್ನು ಕಳಿಸಿದೆ: ‘ಆಯಿಗೆ ಕ್ರಿಯಾಟಿನಿನ್ ಜಾಸ್ತಿ ಬಂದಿದೆ. ಏನು ಮಾಡಬೇಕು?’ ಈಗ ಅದನ್ನು ಓದಿದರೆ, ಇದೇ ಎರಡು ವಾಕ್ಯಗಳನ್ನು ಆರೋಗ್ಯವಂತನಾದ ಒಬ್ಬ ಯುವಕನ ಬಗೆಗೂ, ನಾಳೆಯೇ ಡಯಾಲಿಸಿಸ್‌ಗೆ ಕೂರಬೇಕಾದವರ ಬಗೆಗೂ ಬರೆಯಬಹುದಿತ್ತು ಎಂದು ಅರ್ಥವಾಗುತ್ತದೆ. ಉತ್ತರಗಳು ಬಂದದ್ದೂ ಹಾಗೆಯೇ. ತಂದೆಗೆ ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿದ್ದ ಒಬ್ಬ ಬಂಧು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಬೇಳೆಯನ್ನು ಇವತ್ತಿನಿಂದಲೇ ನಿಲ್ಲಿಸಿ ಎಂದರು. ಇನ್ನೊಬ್ಬರು, ನೀರು ಕಡಿಮೆ ಕುಡಿದರೆ ಹೀಗೆ ಬರುತ್ತದೆ, ದಿನಕ್ಕೆ ನಾಲ್ಕು ಲೀಟರ್ ಕುಡಿಸಿ ಎಂದರು. ಮೂರನೆಯವರು ಒಂದು ಕಷಾಯದ ವಿಧಾನವನ್ನೇ ಬರೆದು ಕಳಿಸಿದರು. ಅವರಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ನನ್ನ ಪ್ರಶ್ನೆಯಲ್ಲಿ ಅಂಕಿಯೇ ಇಲ್ಲದಿದ್ದುದರಿಂದ, ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಬ್ಬ ರೋಗಿಯ ಅಂಕಿಯನ್ನು ಅಲ್ಲಿ ತುಂಬಿಕೊಂಡು ಆ ರೋಗಿಗೆ ಉತ್ತರ ಕೊಟ್ಟಿದ್ದರು.

ನಾಲ್ಕನೆಯವನು ಕಾರವಾರದಲ್ಲಿ ವೈದ್ಯನಾಗಿರುವ ನನ್ನ ಹೈಸ್ಕೂಲಿನ ಸಹಪಾಠಿ. ಅವನು ಕೇಳಿದ್ದು ಎರಡೇ ಪದ: ‘ಎಷ್ಟು ಮಾರಾಯಾ?’ ನಾನು ‘ಸ್ವಲ್ಪ ಜಾಸ್ತಿಯಂತೆ’ ಎಂದು ಬರೆದೆ. ‘ರಿಪೋರ್ಟಿನ ಫೋಟೋ ಕಳಿಸು, ಪೂರ್ತಿ ಹಾಳೆ ಕಾಣಬೇಕು’ ಎಂದ. ಅಣ್ಣನ ಹತ್ತಿರ ತರಿಸಿ ಕಳಿಸುತ್ತೇನೆ ಎಂದವನು, ಅಡಿಕೆ ವಖಾರಿಯ ಲೆಕ್ಕಪತ್ರದ ಗಡಿಬಿಡಿಯಲ್ಲಿ ಮರೆತೆ. ಸರಿಯಾದ ಪ್ರಶ್ನೆ ಕೇಳಿದ ಒಬ್ಬನೇ ಒಬ್ಬನಿಗೆ ಉತ್ತರ ಕೊಡದೆ, ಏನನ್ನೂ ಕೇಳದೆ ಸಲಹೆ ಕೊಟ್ಟವರ ಮಾತನ್ನು ಮಸ್ಕತ್‌ಗೆ ತಲುಪಿಸಿದೆ. ಅದರ ಫಲವಾಗಿ ಆಯಿ ಬೇಳೆ ಬಿಟ್ಟರು, ಹಾಲು ಬಿಟ್ಟರು, ಮಾರ್ಚಿನಲ್ಲಿ ಶಿರಸಿಗೆ ಮರಳಿದ ಮೇಲೂ ಅನ್ನ, ತಂಬುಳಿ ಮತ್ತು ಒಂದು ಪಲ್ಯದಲ್ಲಿಯೇ ಊಟ ಮುಗಿಸತೊಡಗಿದರು. ಹೋಗುವಾಗ 52 ಕಿಲೋ ಇದ್ದ ತೂಕ ಜೂನ್ ಹೊತ್ತಿಗೆ 49ಕ್ಕೆ ಇಳಿದಿತ್ತು. ಕೇಳಿದರೆ, ‘ಯಂಗೆ ಎಂತದೂ ಆಜಿಲ್ಲೆ ತಮಾ’ ಎನ್ನುತ್ತಿದ್ದರು.

ಜೂನ್ ತಿಂಗಳ ಮಧ್ಯದಲ್ಲಿ, ಮಳೆ ಹಿಡಿಯುವ ಮೊದಲು ಎಂದು, ಆಯಿಯನ್ನು ಊರಿನಿಂದ ಕರೆತಂದು ಪೇಟೆಯ ಒಂದು ಲ್ಯಾಬ್‌ನಲ್ಲಿ ಮತ್ತೆ ರಕ್ತ ಕೊಡಿಸಿದೆ. ಸಂಜೆ ವರದಿ ಬಂತು. ಕ್ರಿಯಾಟಿನಿನ್ ಸಾಲಿನಲ್ಲಿ 1.1 ಎಂದಿತ್ತು; ಎದುರಿಗೆ ‘ಎಚ್’ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರ ನಿಂತುಕೊಂಡೇ ಅಣ್ಣನಿಗೆ ಫೋನ್ ಮಾಡಿ ನಾರ್ಮಲ್ ಬಂದಿದೆ ಎಂದೆ. ಅಂಕಿ ಎಷ್ಟು ಎಂದು ಈ ಸಲ ಅವನು ಕೇಳಿದ. 1.1 ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ‘ಇಲ್ಲಿ 93 ಇತ್ತು’ ಎಂದ. ತೊಂಬತ್ತಮೂರರಿಂದ ಒಂದಕ್ಕೆ ಇಳಿದಿದೆ ಎಂದುಕೊಂಡು ಇಬ್ಬರೂ ಪಥ್ಯದ ಮಹಿಮೆಯನ್ನೇ ಮಾತನಾಡಿದೆವು. ಆದರೆ ರಾತ್ರಿ ಮಲಗಿದಾಗ ನನಗೆ ಆ ಎರಡು ಅಂಕಿಗಳು ಸರಿಕಾಣಲಿಲ್ಲ. ದಿನವಿಡೀ ಅಂಕಿಗಳ ನಡುವೆ ಕೂರುವವನು ನಾನು. ಇಷ್ಟು ದೊಡ್ಡ ಅಂತರ ಕಂಡರೆ ವಖಾರಿಯಲ್ಲಿ ನಾವು ಮೊದಲು ಅನುಮಾನಿಸುವುದು ಮಾಲನ್ನಲ್ಲ, ಯಾವ ಲೆಕ್ಕದಲ್ಲಿ ಬರೆದಿದ್ದಾರೆ ಎಂಬುದನ್ನು.

ಮರುದಿನ ಅಣ್ಣ ಹಳೆಯ ವರದಿಯ ಫೋಟೋ ಕಳಿಸಿದ. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ತೆಗೆದ ಚಿತ್ರ ಅದು. ಎಡಕ್ಕೆ ಪರೀಕ್ಷೆಯ ಹೆಸರು, ಅದರ ಪಕ್ಕ 93, ಅದರ ಪಕ್ಕ ಕೆಂಪು ‘ಎಚ್’. ಅಲ್ಲಿಂದ ಮುಂದೆ ಹಾಳೆ ಮಡಚಿಕೊಂಡಿತ್ತು, ಮಡಿಕೆಯ ಮೇಲೆ ಅವನ ಹೆಬ್ಬೆರಳಿತ್ತು. ಇದನ್ನೂ, ಶಿರಸಿಯ ವರದಿಯನ್ನೂ ಕಾರವಾರದ ಸ್ನೇಹಿತನಿಗೆ ಕಳಿಸಿದೆ. ‘ಹೆಬ್ಬೆರಳಿನ ಕೆಳಗೆ ಏನಿದೆ?’ ಎಂದು ಕೇಳಿದ. ಅಣ್ಣ ಹಾಳೆಯನ್ನು ಮೇಜಿನ ಮೇಲೆ ಹರವಿ ಇನ್ನೊಂದು ಫೋಟೋ ತೆಗೆದ. ಹೆಬ್ಬೆರಳಿನ ಕೆಳಗೆ ಇದ್ದದ್ದು ಯೂನಿಟ್ಟು ಮತ್ತು ಮಿತಿ. ಮಸ್ಕತ್‌ನ ಹಾಳೆಯಲ್ಲಿ 93 ರ ಪಕ್ಕ µmol/L ಎಂದಿತ್ತು. ಶಿರಸಿಯ ಹಾಳೆಯಲ್ಲಿ 1.1 ರ ಪಕ್ಕ mg/dL ಎಂದಿತ್ತು.

ಇವೆರಡರ ಅಂತರವನ್ನು ಸ್ನೇಹಿತ ಫೋನಿನಲ್ಲಿ ವಿವರಿಸಿದ್ದು ನನಗೆ ಚೆನ್ನಾಗಿ ಮನಸ್ಸಿನಲ್ಲಿ ನಿಂತಿದೆ. ನಮ್ಮ ಕಡೆ ಅಡಿಕೆಯನ್ನು ತೂಕದಲ್ಲಿ ಮಾರುತ್ತೇವೆ, ತೆಂಗಿನಕಾಯಿಯನ್ನು ಎಣಿಸಿ ಮಾರುತ್ತೇವೆ. ಹಾಗೆಯೇ ರಕ್ತದಲ್ಲಿರುವ ಒಂದು ವಸ್ತುವನ್ನು ತೂಕದಿಂದಲೂ ಹೇಳಬಹುದು, ಅದರ ಕಣಗಳ ಎಣಿಕೆಯಿಂದಲೂ ಹೇಳಬಹುದು. ನಮ್ಮ ಲ್ಯಾಬ್‌ಗಳು ಹೆಚ್ಚಾಗಿ ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಗ್ರಾಂ ಕ್ರಿಯಾಟಿನಿನ್ ಇದೆ ಎಂದು ತೂಕ ಹೇಳುತ್ತವೆ. ಆ ನೂರು ಮಿಲಿಲೀಟರಿಗೇ ಡೆಸಿಲೀಟರ್ ಎಂದು ಹೆಸರು. ಮಸ್ಕತ್‌ನ ಆ ಲ್ಯಾಬ್ ಒಂದು ಲೀಟರಿನಲ್ಲಿ ಎಷ್ಟು ಮೈಕ್ರೋಮೋಲ್ ಇದೆ ಎಂದು ಎಣಿಕೆಯನ್ನು ಹೇಳಿತ್ತು. ಕ್ರಿಯಾಟಿನಿನ್‌ನ ಮಟ್ಟಿಗೆ ತೂಕದ ಲೆಕ್ಕದ 1 ಎಂದರೆ ಎಣಿಕೆಯ ಲೆಕ್ಕದ 88.4. ಆದ್ದರಿಂದ 93ನ್ನು 88.4ರಿಂದ ಭಾಗಿಸಿದರೆ ಬರುವುದು 1.05. ಅಂದರೆ ಫೆಬ್ರವರಿಯಲ್ಲಿ 1.05 ಇದ್ದದ್ದು ಜೂನ್‌ನಲ್ಲಿ 1.1 ಆಗಿತ್ತು. ಇಳಿದಿರಲೇ ಇಲ್ಲ, ಹೆಚ್ಚುಕಡಿಮೆ ಅಲ್ಲಿಯೇ ಇತ್ತು.

ಈ 88.4 ಕ್ರಿಯಾಟಿನಿನ್‌ಗೆ ಮಾತ್ರ ಸಲ್ಲುವ ಅಂಕಿ ಎಂದು ಅವನು ಒತ್ತಿ ಹೇಳಿದ. ಒಂದೊಂದು ವಸ್ತುವಿನ ಕಣದ ತೂಕ ಒಂದೊಂದು, ಆದ್ದರಿಂದ ಗುಣಿಸುವ ಅಂಕಿಯೂ ಬೇರೆ ಬೇರೆ. ಅದೇ ಎರಡು ಹಾಳೆಗಳಲ್ಲಿ ಯೂರಿಯಾ ಅಲ್ಲಿ 6.4, ಇಲ್ಲಿ 38 ಎಂದಿತ್ತು. ಇವನ್ನು ನಾನೇ ನೋಡಿದ್ದರೆ ಆರು ಪಟ್ಟು ಏರಿದೆ ಎಂದು ಗಾಬರಿಯಾಗುತ್ತಿದ್ದೆ. ಆದರೆ ಯೂರಿಯಾಕ್ಕೆ ಗುಣಿಸುವ ಅಂಕಿ ಸುಮಾರು 6, ಆದ್ದರಿಂದ ಅವೆರಡೂ ಒಂದೇ. ಪೊಟ್ಯಾಸಿಯಂ ಎರಡೂ ಕಡೆ 4.4 ಎಂದಿತ್ತು, ಅಲ್ಲಿ ಮಿಲಿಮೋಲ್, ಇಲ್ಲಿ ಮಿಲಿ ಈಕ್ವಿವಲೆಂಟ್ ಎಂದು ಯೂನಿಟ್ಟಿನ ಹೆಸರು ಬೇರೆಯಾಗಿದ್ದರೂ ಪೊಟ್ಯಾಸಿಯಂ ವಿಷಯದಲ್ಲಿ ಆ ಎರಡರ ಅಂಕಿ ಒಂದೇ ಆಗಿರುತ್ತದೆಯಂತೆ. ಒಂದೇ ಹಾಳೆಯಲ್ಲಿ, ಒಂದೇ ದಿನ, ಒಂದು ಸಾಲು ಎಂಬತ್ತೆಂಟು ಪಟ್ಟು, ಮತ್ತೊಂದು ಆರು ಪಟ್ಟು, ಮೂರನೆಯದು ಏನೂ ಬದಲಾಗದೆ ಇರುವಾಗ ಯೂನಿಟ್ಟನ್ನು ಊಹಿಸಿಕೊಂಡು ಓದುವುದು ಸಾಧ್ಯವೇ ಇಲ್ಲ ಎಂದು ನನಗೆ ಆಗ ಮನದಟ್ಟಾಯಿತು.

ಹಾಗಾದರೆ ಒಂದೇ ಮಟ್ಟದ ಕ್ರಿಯಾಟಿನಿನ್‌ಗೆ ಅಲ್ಲಿ ‘ಎಚ್’ ಬಂದು ಇಲ್ಲಿ ಏಕೆ ಬರಲಿಲ್ಲ ಎಂದು ಕೇಳಿದೆ. ‘ಎಚ್’ ಎಂಬುದು ರಕ್ತದಲ್ಲಿ ಸಿಗುವ ಸಂಗತಿಯಲ್ಲ, ಲ್ಯಾಬ್‌ನ ಕಂಪ್ಯೂಟರ್ ಅಂಕಿಯನ್ನು ಪಕ್ಕದಲ್ಲಿ ಅಚ್ಚಾದ ಮಿತಿಯೊಂದಿಗೆ ಹೋಲಿಸಿ ಹಾಕುವ ಗುರುತು ಎಂದ. ಮಸ್ಕತ್‌ನ ಹಾಳೆಯ ಮಿತಿ 45ರಿಂದ 84. ಅದು ಹೆಂಗಸರಿಗೆಂದೇ ಇಟ್ಟ ಮಿತಿ. ನಮ್ಮ ಲೆಕ್ಕಕ್ಕೆ ತಂದರೆ ಅದರ ಮೇಲಿನ ಗಡಿ 0.95. ಶಿರಸಿಯ ಹಾಳೆಯ ಮಿತಿ 0.6ರಿಂದ 1.2, ಗಂಡಸರು, ಹೆಂಗಸರು ಎಂಬ ಭೇದ ಅಲ್ಲಿ ಇರಲಿಲ್ಲ. 1.05 ಅಲ್ಲಿಯ ಗಡಿಯನ್ನು ದಾಟಿತ್ತು, 1.1 ಇಲ್ಲಿಯ ಗಡಿಯೊಳಗಿತ್ತು. ನಾವು ನಾಲ್ಕು ತಿಂಗಳು ಭಯಪಟ್ಟದ್ದೂ, ಒಂದು ಸಂಜೆ ಸಂತೋಷಪಟ್ಟದ್ದೂ ಆಯಿಯ ಕಿಡ್ನಿಯನ್ನು ನೋಡಿ ಅಲ್ಲ, ಎರಡು ಲ್ಯಾಬ್‌ಗಳು ಗೆರೆ ಎಳೆದ ಜಾಗವನ್ನು ನೋಡಿ.

ಇಲ್ಲಿಗೆ ಮುಗಿದಿದ್ದರೆ ಇದು ಯೂನಿಟ್ಟಿನ ಕಥೆಯಷ್ಟೇ ಆಗುತ್ತಿತ್ತು. ಆದರೆ ಸ್ನೇಹಿತ ಫೋನ್ ಇಡಲಿಲ್ಲ. ಆಯಿಯ ವಯಸ್ಸು ಎಷ್ಟು, ತೂಕ ಎಷ್ಟು ಎಂದು ಕೇಳಿದ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳಿಂದ ದಿನವೂ ಹುಟ್ಟಿ ರಕ್ತಕ್ಕೆ ಸೇರಿ ಕಿಡ್ನಿಯ ಮೂಲಕ ಹೊರಹೋಗುವ ವಸ್ತು. ಆದ್ದರಿಂದ ರಕ್ತದಲ್ಲಿ ಅದು ಎಷ್ಟಿದೆ ಎಂಬುದು ಕಿಡ್ನಿ ಎಷ್ಟು ಹೊರಹಾಕುತ್ತದೆ ಎಂಬುದರ ಮೇಲೆ ಮಾತ್ರವಲ್ಲ, ಸ್ನಾಯು ಎಷ್ಟು ಹುಟ್ಟಿಸುತ್ತದೆ ಎಂಬುದರ ಮೇಲೂ ನಿಂತಿದೆ. ನಮ್ಮ ತೋಟಕ್ಕೆ ಬರುವ ಕೊನೆಗೌಡನನ್ನು ಅವನಿಗೂ ಗೊತ್ತು. ದಿನಕ್ಕೆ ಹತ್ತಾರು ಮರ ಏರಿ ಇಳಿಯುವ ಮೂವತ್ತು ವರ್ಷದ ಆಳು. ಅವನಿಗೆ 1.1 ಬಂದರೆ ಏನೂ ಅಲ್ಲ. ಅದೇ 1.1 ಸಣಕಲು ಮೈಯ, ಅರವತ್ತಾರರ ಹೆಂಗಸಿಗೆ ಬಂದರೆ ಅದು ಅದೇ ಮಾತನ್ನು ಹೇಳುವುದಿಲ್ಲ.

ಇದನ್ನು ಅಳೆಯುವುದಕ್ಕಾಗಿ ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬ ಮೂರನ್ನೇ ತೆಗೆದುಕೊಂಡು ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿರಬಹುದು ಎಂದು ಅಂದಾಜು ಮಾಡುವ ಸೂತ್ರವಿದೆ; ಆ ಅಂದಾಜಿಗೆ ಇಜಿಎಫ್‌ಆರ್ ಎನ್ನುತ್ತಾರೆ. 2021ರಲ್ಲಿ ಬಂದ ಪರಿಷ್ಕೃತ ಸೂತ್ರವನ್ನು ಅವನು ತನ್ನ ಫೋನಿನಲ್ಲಿಯೇ ತೆರೆದು ಲೆಕ್ಕ ಹಾಕಿದ. ಕೊನೆಗೌಡನಿಗೆ 1.1ಕ್ಕೆ 93 ಬರುತ್ತದೆ. ಆಯಿಗೆ ಫೆಬ್ರವರಿಯ 1.05ಕ್ಕೆ 59, ಜೂನ್‌ನ 1.1ಕ್ಕೆ 55. ಈ ಅಂದಾಜು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗೆ ಇದ್ದರೆ ಅದನ್ನು ದೀರ್ಘಕಾಲದ ಕಿಡ್ನಿ ತೊಂದರೆ ಎಂದು ಗಣಿಸುವ ರೂಢಿ ವೈದ್ಯರಲ್ಲಿದೆ. 45ರಿಂದ 59ರ ನಡುವಿನದನ್ನು ಮೂರನೆಯ ಹಂತದ ಮೊದಲ ಭಾಗ ಎನ್ನುತ್ತಾರೆ. ನಮ್ಮ ಎರಡು ಹಾಳೆಗಳ ನಡುವೆ ನಾಲ್ಕು ತಿಂಗಳಿತ್ತು.

ನಾನು ಬಸ್ ನಿಲ್ದಾಣದಲ್ಲಿ ನಿಂತು ‘ನಾರ್ಮಲ್’ ಎಂದದ್ದು ಆ ಹಾಳೆಯ ಬಗ್ಗೆ. ‘ಎಚ್’ ಇದ್ದಾಗ ಅಂಕಿ ಕೇಳದೆ ಗಾಬರಿಯಾದದ್ದಕ್ಕಿಂತ, ‘ಎಚ್’ ಇಲ್ಲದಾಗ ಅಂಕಿ ನೋಡದೆ ಸುಮ್ಮನಾದದ್ದೇ ನನ್ನನ್ನು ಇಂದಿಗೂ ಹೆಚ್ಚು ಕಾಡುತ್ತದೆ. ಗಾಬರಿಯಾದವರು ಯಾರನ್ನಾದರೂ ಕೇಳಿಯೇ ಕೇಳುತ್ತಾರೆ. ಸಮಾಧಾನಗೊಂಡವರು ಹಾಳೆಯನ್ನು ಮಡಚಿ ಕಪಾಟಿನಲ್ಲಿಟ್ಟುಬಿಡುತ್ತಾರೆ.

ಹೆದರುವಂಥದ್ದಲ್ಲ, ಆದರೆ ಬಿಡುವಂಥದ್ದೂ ಅಲ್ಲ, ನೀವು ತೋರಿಸುವ ವೈದ್ಯರಿಗೆ ಇಷ್ಟನ್ನೂ ಬರೆದುಕೊಂಡು ಹೋಗು ಎಂದು ಸ್ನೇಹಿತ ಹೇಳಿದ. ಮೊದಲು ಲ್ಯಾಬ್‌ಗೆ ಹೋಗಿ 1.1ರ ಮುಂದಿನ ಅಂಕಿಯನ್ನು ಕೇಳಲು ಸೂಚಿಸಿದ. ಒಂದೇ ದಶಮಾಂಶಕ್ಕೆ ಮುಗಿಸಿ ಅಚ್ಚು ಹಾಕಿದರೆ 1.05 ಕೂಡ 1.1 ಆಗುತ್ತದೆ, 1.14 ಕೂಡ 1.1 ಆಗುತ್ತದೆ, ಆಯಿಯ ವಯಸ್ಸಿಗೆ ಆ ಎರಡರ ನಡುವೆ 59ಕ್ಕೂ 53ಕ್ಕೂ ಇರುವಷ್ಟು ಅಂತರವಿದೆ. ಲ್ಯಾಬ್‌ನ ಹುಡುಗಿ ಬೇಸರಪಡದೆ ಯಂತ್ರದ ದಾಖಲೆಯನ್ನು ತೆಗೆದು ನೋಡಿ 1.09 ಎಂದು ಹೇಳಿ, ಹಾಳೆಯ ಮೇಲೆ ಬರೆದು ಸಹಿ ಮಾಡಿಕೊಟ್ಟಳು. ಕೇಳಿದರೆ ಸಿಗುವ ಅಂಕಿ ಅದು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಎಂದು ಅವಳೇ ಹೇಳಿದಳು.

ಆಮೇಲೆ ನಾನು ಪ್ರಶ್ನೆಯನ್ನು ಹೊಸದಾಗಿ ಬರೆದೆ. ಫೆಬ್ರವರಿಯಲ್ಲಿ ಎರಡು ವಾಕ್ಯಗಳಿದ್ದದ್ದು ಈಗ ಹೀಗಾಯಿತು:

‘ಹೆಂಗಸು, 66 ವರ್ಷ, ತೂಕ 49 ಕಿಲೋ, ಮೊದಲು 52 ಇತ್ತು. ಸಕ್ಕರೆ ಕಾಯಿಲೆ ಇಲ್ಲ. ಸೀರಮ್ ಕ್ರಿಯಾಟಿನಿನ್ ಫೆಬ್ರವರಿಯಲ್ಲಿ ಮಸ್ಕತ್‌ನ ಲ್ಯಾಬ್‌ನಲ್ಲಿ 93 µmol/L, ಅಲ್ಲಿಯ ಮಿತಿ 45–84. ಜೂನ್‌ನಲ್ಲಿ ಶಿರಸಿಯ ಲ್ಯಾಬ್‌ನಲ್ಲಿ 1.09 mg/dL, ಇಲ್ಲಿಯ ಮಿತಿ 0.6–1.2. ಯೂರಿಯಾ 38 mg/dL, ಪೊಟ್ಯಾಸಿಯಂ 4.4 mEq/L. ಮೂತ್ರ ಪರೀಕ್ಷೆ ಎರಡೂ ಕಡೆ ಮಾಡಿಸಿಲ್ಲ. ನಾಲ್ಕು ತಿಂಗಳಿನಿಂದ ಬೇಳೆ, ಹಾಲು ಬಿಟ್ಟಿದ್ದಾರೆ. ತೆಗೆದುಕೊಳ್ಳುವ ಮಾತ್ರೆಗಳು:’

ಇಲ್ಲಿಗೆ ಬಂದು ನಿಂತೆ. ಮಾತ್ರೆಗಳು ಯಾವುವು ಎಂದು ನನಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ ಆಯಿಯನ್ನು ಕೇಳಿದಾಗ, ದೇವರ ಕೋಣೆಯ ಗೂಡಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಂದರು. ಅದರಲ್ಲಿ ಅರ್ಧ ಮುಗಿದ ಎರಡು ಶೀಟುಗಳಿದ್ದವು. ದೀಪಾವಳಿಯ ಹೊತ್ತಿಗೆ ಮೊಣಕಾಲು ನೋವು ಜೋರಾದಾಗ ಯಾರೋ ತಂದುಕೊಟ್ಟ ಡೈಕ್ಲೋಫೆನಾಕ್ ಮಾತ್ರೆ. ಒಳ್ಳೆಯದಾಯಿತೆಂದು ಮಸ್ಕತ್‌ಗೂ ಹತ್ತು ಶೀಟು ಕಟ್ಟಿಕೊಂಡು ಹೋಗಿದ್ದರು, ಬಂದ ಮೇಲೂ ದಿನಕ್ಕೊಂದರಂತೆ, ನೋವು ಹೆಚ್ಚಿದ ದಿನ ಎರಡರಂತೆ ನುಂಗುತ್ತಿದ್ದರು. ಇದು ನೋವಿನದು, ಕಿಡ್ನಿಗೆ ಕೊಟ್ಟದ್ದಲ್ಲ ಎಂಬ ಕಾರಣಕ್ಕೆ ಮಾತ್ರೆಗಳ ಮಾತು ಬಂದಾಗಲೆಲ್ಲ ಅದನ್ನು ಹೇಳಿರಲಿಲ್ಲ. ನಾಲ್ಕು ತಿಂಗಳು ಬೇಳೆಯನ್ನು ನಿಲ್ಲಿಸಿದ ನಾವು ಇದನ್ನು ನಿಲ್ಲಿಸಿರಲಿಲ್ಲ. ಪ್ರಶ್ನೆಯನ್ನು ಪೂರ್ತಿಯಾಗಿ ಬರೆಯಲು ಕುಳಿತದ್ದರಿಂದಲೇ ಆ ಡಬ್ಬಿ ಹೊರಬಂತು.

ನಮ್ಮ ಮನೆಯವರೆಲ್ಲ ತೋರಿಸಿಕೊಳ್ಳುವ ಶಿರಸಿಯ ವೈದ್ಯರು ಆ ಹಾಳೆಯನ್ನು ಎರಡು ಸಲ ಓದಿದರು. ಮೊದಲು ರಕ್ತದೊತ್ತಡ ನೋಡಿದರು, ಕಾಲಿನಲ್ಲಿ ಊತವಿದೆಯೇ ಎಂದು ಒತ್ತಿ ನೋಡಿದರು. ಆಮೇಲೆ ಡೈಕ್ಲೋಫೆನಾಕ್ ಹೆಸರಿನ ಕೆಳಗೆ ಗೆರೆ ಎಳೆದು, ‘ಇದನ್ನು ಇವತ್ತೇ ನಿಲ್ಲಿಸಿ ಅಮ್ಮಾ, ನೋವಿಗೆ ಬೇರೆ ಕೊಡುತ್ತೇನೆ’ ಎಂದರು. ಈ ಗುಂಪಿನ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕಡಿಮೆ ಮಾಡುತ್ತವೆ, ವಯಸ್ಸಾದವರಲ್ಲಿ ಅದು ಹೆಚ್ಚು ಎಂದು ವಿವರಿಸಿದರು. ಬೇಳೆ ಬಿಟ್ಟದ್ದನ್ನು ಓದಿ ಅವರಿಗೆ ನಿಜವಾಗಿಯೂ ಬೇಸರವಾಯಿತು. ಆಯಿಯ ಈಗಿನ ಮಟ್ಟಕ್ಕೆ ಅಂಥ ಪಥ್ಯದ ಅಗತ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಊಟ ಕಡಿಮೆಯಾಗಿ ಸ್ನಾಯು ಕರಗಿದರೆ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾಗುತ್ತದೆ, ಆಗ ವರದಿಯಲ್ಲಿ ಅಂಕಿ ಇಳಿದು ಕಿಡ್ನಿ ಸುಧಾರಿಸಿದಂತೆ ತೋರುತ್ತದೆ, ಸುಧಾರಿಸಿರುವುದಿಲ್ಲ ಎಂದರು. ತೂಕ 52ರಿಂದ 49ಕ್ಕೆ ಇಳಿದ ಸಂಗತಿಯನ್ನು ನಾನು ಬರೆಯದೆ ಹೋಗಿದ್ದರೆ ಅವರಿಗೆ ಈ ಅನುಮಾನ ಬರುವ ದಾರಿಯಿರಲಿಲ್ಲ.

ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡಲು ಬೆಳಗಿನ ಮೊದಲ ಮೂತ್ರದ ಪರೀಕ್ಷೆಯನ್ನು ಬರೆದುಕೊಟ್ಟರು. ಕಿಡ್ನಿ ಎಷ್ಟು ಸೋಸುತ್ತದೆ ಎಂಬುದನ್ನು ರಕ್ತ ಹೇಳಿದರೆ, ಸೋಸುವ ಜರಡಿ ಹರಿದಿದೆಯೇ ಎಂಬುದನ್ನು ಮೂತ್ರ ಹೇಳುತ್ತದೆ, ಎರಡರಲ್ಲಿ ಒಂದನ್ನೇ ನೋಡಿ ತೀರ್ಮಾನಿಸಲಾಗದು ಎಂಬುದು ಅವರ ಮಾತು. ಆ ವರದಿಯನ್ನು ನಾನು ಲ್ಯಾಬ್‌ನ ಮೆಟ್ಟಿಲ ಮೇಲೆಯೇ ಬಿಡಿಸಿ, ಗುರುತನ್ನು ಹುಡುಕುವ ಮೊದಲು ಅಂಕಿಯನ್ನೂ ಯೂನಿಟ್ಟನ್ನೂ ಓದಿದೆ: ಒಂದು ಗ್ರಾಂ ಕ್ರಿಯಾಟಿನಿನ್‌ಗೆ 22 ಮಿಲಿಗ್ರಾಂ ಆಲ್ಬುಮಿನ್, mg/g ಎಂದು ಅಚ್ಚಾಗಿತ್ತು. ಈ ಲೆಕ್ಕದಲ್ಲಿ 30ರ ಕೆಳಗಿದ್ದರೆ ಸೋರಿಕೆ ಇಲ್ಲವೆಂದು ಅರ್ಥ. ಇದನ್ನೇ ಕೆಲವು ದೇಶಗಳಲ್ಲಿ ಮಿಲಿಮೋಲ್ ಲೆಕ್ಕದಲ್ಲಿ ಹೇಳುತ್ತಾರೆ, ಅಲ್ಲಿ ಗಡಿ ಸುಮಾರು 3. ಆ ಯೂನಿಟ್ಟಿನಲ್ಲಿ 22 ಬಂದಿದ್ದರೆ ಅದು ಸ್ಪಷ್ಟವಾದ ಸೋರಿಕೆ. ಅಣ್ಣನಿಗೆ ಹೇಳುವಾಗ ಯೂನಿಟ್ಟನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದೆ.

ಮುಂದಿನ ರಕ್ತಪರೀಕ್ಷೆಯನ್ನು ಸೆಪ್ಟೆಂಬರಿನಲ್ಲಿ, ಅದೇ ಲ್ಯಾಬ್‌ನಲ್ಲಿಯೇ ಮಾಡಿಸಿ ಎಂದು ವೈದ್ಯರು ಹೇಳಿದ್ದರು. ಕ್ರಿಯಾಟಿನಿನ್ ಅಳೆಯಲು ಒಂದಕ್ಕಿಂತ ಹೆಚ್ಚು ವಿಧಾನಗಳಿವೆ, ಹಳೆಯ ವಿಧಾನದಲ್ಲಿ ರಕ್ತದ ಬೇರೆ ಕೆಲವು ವಸ್ತುಗಳೂ ಸೇರಿ ಅಂಕಿ ಸ್ವಲ್ಪ ಹೆಚ್ಚು ಬರಬಹುದು, ಆದ್ದರಿಂದ ಸಣ್ಣ ವ್ಯತ್ಯಾಸಗಳನ್ನು ನೋಡುವಾಗ ಲ್ಯಾಬ್ ಬದಲಾಯಿಸಬಾರದಂತೆ. ಯೂನಿಟ್ಟನ್ನು ಸರಿಯಾಗಿ ಬದಲಿಸಿಕೊಂಡರೂ ಮಸ್ಕತ್‌ನ 1.05ನ್ನು ಶಿರಸಿಯ 1.09ರ ಎದುರು ಇಟ್ಟು ‘ಏರಿದೆ’ ಎನ್ನಲು ಬಾರದಿರುವುದಕ್ಕೆ ಇದೂ ಒಂದು ಕಾರಣ.

ಆ ಮೂರು ತಿಂಗಳಲ್ಲಿ ಆಯಿ ಬೇಳೆಯ ಸಾರನ್ನು ಮತ್ತೆ ಉಣ್ಣತೊಡಗಿದ್ದರು, ಡೈಕ್ಲೋಫೆನಾಕ್ ನಿಂತಿತ್ತು. ನೋವಿಗೆ ವೈದ್ಯರು ಕೊಟ್ಟ ಬೇರೆ ಮಾತ್ರೆ ಮತ್ತು ಹಚ್ಚುವ ಎಣ್ಣೆ ಅಷ್ಟು ಚುರುಕಾಗಿಲ್ಲ ಎಂಬ ದೂರು ಇತ್ತು, ಅದು ಈಗಲೂ ಇದೆ. ಮಳೆಗಾಲದ ಬೆಳಿಗ್ಗೆ ಅವರು ಮೆಟ್ಟಿಲು ಇಳಿಯುವುದನ್ನು ನೋಡಿದರೆ ಆ ದೂರು ಸುಳ್ಳಲ್ಲ ಎಂದು ತಿಳಿಯುತ್ತದೆ. ಸೆಪ್ಟೆಂಬರಿನ ವರದಿಯಲ್ಲಿ ಕ್ರಿಯಾಟಿನಿನ್ 1.02 ಬಂತು, ಇಜಿಎಫ್‌ಆರ್ ಲೆಕ್ಕಕ್ಕೆ 61. ನನಗೆ ಕೂಡಲೇ ಮಾತ್ರೆ ಬಿಟ್ಟದ್ದು ಫಲ ಕೊಟ್ಟಿತು, 60 ದಾಟಿತು ಎಂದು ಅನ್ನಿಸಿತು. ವೈದ್ಯರು ಅಷ್ಟು ಬೇಗ ಒಪ್ಪಲಿಲ್ಲ. ಏನೂ ಬದಲಾಗದಿದ್ದರೂ ಒಬ್ಬರ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ನೂರಕ್ಕೆ ನಾಲ್ಕೈದರಷ್ಟು ಮೇಲೆ ಕೆಳಗೆ ಆಗುತ್ತದೆ, ಅದರ ಮೇಲೆ ಯಂತ್ರದ ಅಳತೆಯ ವ್ಯತ್ಯಾಸವೂ ಇರುತ್ತದೆ, 1.09ರಿಂದ 1.02 ಎಂಬುದು ಆ ಅಲುಗಾಟದೊಳಗೇ ಬರುವಂಥದ್ದು ಎಂದರು. ತೂಕ ಎಷ್ಟಾಗಿದೆ ಎಂದು ಕೇಳಿದರು. 50 ಎಂದೆ. ‘ತೂಕ ಇಳಿಯದೆ ಅಂಕಿ ಇಳಿದಿದೆ, ಅದು ಒಳ್ಳೆಯ ಲಕ್ಷಣ, ಆದರೆ ಇನ್ನೂ ಒಂದು ಅಂಕಿ ಬೇಕು’ ಎಂದು ಡಿಸೆಂಬರಿಗೆ ಬರೆದುಕೊಟ್ಟರು.

ಈಗ ಆಯಿಯ ಆ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಅದರಲ್ಲಿ ತಾರೀಖು, ಲ್ಯಾಬ್, ಅಂಕಿ, ಯೂನಿಟ್, ಆ ಲ್ಯಾಬ್‌ನ ಮಿತಿ, ಆ ದಿನದ ತೂಕ, ಆ ವಾರ ನುಂಗಿದ ಮಾತ್ರೆಗಳು ಎಂದು ಕಂಬಸಾಲು ಎಳೆದಿದ್ದೇನೆ. ‘ಎಚ್’ಗೆ ಸಾಲು ಇಟ್ಟಿಲ್ಲ. ಡಿಸೆಂಬರಿನ ಸಾಲಿನಲ್ಲಿ 1.01, mg/dL, 0.6–1.2, 51 ಕಿಲೋ ಎಂದಿದೆ. ಅದರ ಕೆಳಗೆ ವೈದ್ಯರು ತಮ್ಮ ಕೈಯಿಂದಲೇ, ‘ಆರು ತಿಂಗಳ ಮೇಲೆ ರಕ್ತ, ಮೂತ್ರ ಎರಡೂ; ಡೈಕ್ಲೋಫೆನಾಕ್ ಬೇಡ’ ಎಂದು ಬರೆದಿದ್ದಾರೆ. ಮಾತ್ರೆಯ ಸಾಲನ್ನು ಮಾತ್ರ ಆಯಿಯೇ ತುಂಬುತ್ತಾರೆ, ಮನೆಗೆ ಯಾರಾದರೂ ನೋವಿಗೆಂದು ಶೀಟು ತಂದುಕೊಟ್ಟರೆ ಅದರ ಹೆಸರನ್ನು ಮೊದಲು ಅಲ್ಲಿ ಬರೆದು ನನಗೆ ಫೋನ್ ಮಾಡುತ್ತಾರೆ.